ಅಪ್‌ಡೇಟ್: 275 ಕೆವಿಎಆರ್ ಪ್ಯಾನೆಲ್‌ನಲ್ಲಿ ಅರ್ಧ ಲೋಡ್‌ಗೇ ಕೆಪಾಸಿಟರ್ ಯಾಕೆ ಬಿಸಿಯಾಗುತ್ತಿತ್ತು

ನನ್ನ ಪ್ರಶ್ನೆ: "1000 ಕೆವಿಎ, 5% ಇಂಪೀಡೆನ್ಸ್ ಟ್ರಾನ್ಸ್‌ಫಾರ್ಮರ್, 500 ಕಿಲೋವ್ಯಾಟ್ ಲೋಡ್, ಬಹುಪಾಲು ವಿಎಫ್‌ಡಿ. ಪವರ್ ಫ್ಯಾಕ್ಟರ್ 0.75ರಿಂದ 0.95ಕ್ಕೆ ತರಲು 275 ಕೆವಿಎಆರ್ ಹಾಕಿದೆವು. ಫುಲ್ ಲೋಡ್‌ನಲ್ಲಿ ತೊಂದರೆಯಿಲ್ಲ, ಅರ್ಧ ಲೋಡ್‌ನಲ್ಲಿ ಕೆಪಾಸಿಟರ್ ಬಿಸಿಯಾಗುತ್ತದೆ. ಯಾಕೆ?"

ಕಾರಣ ಸಿಕ್ಕಿತು. 275ರ ಲೆಕ್ಕ ಸರಿಯಾಗಿಯೇ ಇತ್ತು. ರೆಸೋನೆನ್ಸ್ ನೋಡುವಾಗ ಪೂರ್ತಿ ಬ್ಯಾಂಕ್ ಮಾತ್ರ ನೋಡಿದರೆ ಸಾಲದು, ಪ್ರತಿ ಸ್ಟೆಪ್ಪೂ ನೋಡಬೇಕು. ಸೂತ್ರ:

```
h = √(Ssc / Qc),  Ssc = 1000 / 0.05 = 20000 kVA
Qc = 275 → h = 8.5
Qc = 175 → h = 10.7
```

8.5 ಅಂದರೆ 7 ಮತ್ತು 11ರ ನಡುವೆ, ಬಚಾವ್. ಆದರೆ ಲೋಡ್ ಇಳಿದಾಗ ರಿಲೇ 175ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ವಿಎಫ್‌ಡಿಯ 11ನೇ ಹಾರ್ಮೋನಿಕ್ ಪಕ್ಕದಲ್ಲೇ ಇದೆ. ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಹಾಕಿದರೆ ಗೊತ್ತಾಗುತ್ತದೆ: 25 ಕೆವಿಎಆರ್ ಸ್ಟೆಪ್ 415 ವೋಲ್ಟ್‌ನಲ್ಲಿ 35 ಆಂಪ್ ಎಳೆಯಬೇಕು, ನಮ್ಮಲ್ಲಿ 48 ತೋರಿಸಿತು. ಬಸ್ ಕಪ್ಲರ್ ಹಾಕಿ ಪಕ್ಕದ ಇಂಥದ್ದೇ ಟ್ರಾನ್ಸ್‌ಫಾರ್ಮರ್ ಪ್ಯಾರಲಲ್ ಮಾಡಿದರೆ Ssc ದುಪ್ಪಟ್ಟಾಗಿ ಇಡೀ ಲೆಕ್ಕವೇ ಬದಲಾಗುತ್ತದೆ, ಆಗ 275ಕ್ಕೆ h 12.

ಹಾಗಾಗಿ ಸ್ಟೆಪ್ ಗಾತ್ರ ಬದಲಿಸುವ ಗೋಜಿಗೆ ಹೋಗದೆ ಪ್ರತಿ ಸ್ಟೆಪ್‌ಗೂ 7% ಡೀಟ್ಯೂನ್ಡ್ ರಿಯಾಕ್ಟರ್ ಹಾಕಿಸುತ್ತಿದ್ದೇವೆ. 50 ಹರ್ಟ್ಜ್‌ನಲ್ಲಿ ಟ್ಯೂನಿಂಗ್ 189 ಹರ್ಟ್ಜ್, ಅಂದರೆ 5ನೇ ಹಾರ್ಮೋನಿಕ್‌ಗಿಂತ ಕೆಳಗೆ. ಹಳೆಯ 440 ವೋಲ್ಟ್ ಕೆಪಾಸಿಟರ್ ಇದಕ್ಕೆ ನಡೆಯುವುದಿಲ್ಲ: ರಿಯಾಕ್ಟರ್‌ನಿಂದ ಅದರ ಮೇಲಿನ ವೋಲ್ಟೇಜ್ 415/0.93, ಅಂದರೆ 446ಕ್ಕೆ ಏರುತ್ತದೆ. 480 ವೋಲ್ಟ್‌ನದ್ದು ಬೇಕು, 25 ಕೆವಿಎಆರ್ ಸಿಗಬೇಕಾದರೆ ನೇಮ್‌ಪ್ಲೇಟ್‌ನಲ್ಲಿ ಸುಮಾರು 31 ಇರಬೇಕು. ಒಂದೇ ಬಸ್‌ನಲ್ಲಿ ರಿಯಾಕ್ಟರ್ ಇಲ್ಲದ ಸ್ಟೆಪ್ ಒಂದನ್ನೂ ಉಳಿಸುತ್ತಿಲ್ಲ.