‘ಗೋಡೆಯ ಸ್ನಿಗ್ಧತೆ’ ಎನ್ನಬಹುದೇ? ‘ಪ್ರವೇಶ’ ಎಲ್ಲಿಗೆ ಮುಗಿಯುತ್ತದೆ?

ಪ್ರಶ್ನೆ – ಉಡುಪಿಯಿಂದ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಉಷ್ಣ ವರ್ಗಾವಣೆಯ ಪ್ರಯೋಗಗಳ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊಳವೆಯೊಳಗೆ ಎಣ್ಣೆ ಪದರಪದರವಾಗಿ ಹರಿಯುತ್ತಾ ಬಿಸಿಯಾಗುವ ಪ್ರಯೋಗದಲ್ಲಿ ಈ ಸೂತ್ರ ಬರುತ್ತದೆ. ಸೀಡರ್ ಮತ್ತು ಟೇಟ್ 1936ರಲ್ಲಿ ಕೊಟ್ಟದ್ದು.

```
Nu = 1.86 (Re Pr D/L)^(1/3) (μ/μw)^0.14
```

ಎರಡು ಕಡೆ ತಡವರಿಸುತ್ತಿದ್ದೇನೆ. ಇದು ‘ಸಂಯುಕ್ತ ಪ್ರವೇಶ’ ವಲಯದ ಸೂತ್ರವೆಂದು ಬರೆದರೆ, ಕೊಳವೆಯ ಬಾಯಿಯ ಹತ್ತಿರ ನಾಲ್ಕು ಬೆರಳಿನಷ್ಟು ಜಾಗಕ್ಕೆ ಮಾತ್ರ ಅನ್ವಯವೆಂದು ಹುಡುಗರು ತಿಳಿಯುತ್ತಾರೆ. ಇನ್ನು μw ಎನ್ನುವುದನ್ನು ‘ಗೋಡೆಯ ಸ್ನಿಗ್ಧತೆ’ ಎಂದು ಬರೆದರೆ, ಉಕ್ಕಿನ ಗೋಡೆಗೆ ಎಲ್ಲಿಯ ಸ್ನಿಗ್ಧತೆ ಎಂದು ಒಬ್ಬಳು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು. ಸರಿಯಾದ ಪದ ಬೇಕು.

ಉತ್ತರ – ಸುರತ್ಕಲ್‌ನಿಂದ, ವಿದ್ಯಾರ್ಥಿ

ಮೇಡಂ, ‘ಸಂಯುಕ್ತ’ ಸರಿಯಾಗಿದೆ. ಕೊಳವೆಯಲ್ಲಿ ವೇಗ ತನ್ನ ಸ್ಥಿರ ರೂಪಕ್ಕೆ ಬರಲು ಒಂದಷ್ಟು ದೂರ ಬೇಕು, ತಾಪಕ್ಕೆ ಇನ್ನೊಂದಷ್ಟು ದೂರ ಬೇಕು. ಎರಡನ್ನೂ ಕೂಡಿಸಿದರೆ ಬರುವುದೇ ಸಂಯುಕ್ತ ಪ್ರವೇಶ ದೂರ. ‘ಕೂಡು ಪ್ರವೇಶ’ ಎಂದರೆ ಇನ್ನೂ ಸುಲಭ.

ಉತ್ತರ – ಕಾರ್ಕಳದಿಂದ, ಅಡಿಕೆ ಕೃಷಿಕ

ನನ್ನ ತೋಟದಲ್ಲಿ ತೊಟ್ಟಿಯಿಂದ ಪೈಪಿಗೆ ನೀರು ಇಳಿಯುವ ಬಾಯಿಯಲ್ಲೇ ಒತ್ತಡ ಬಿದ್ದುಹೋಗುತ್ತದೆ. ಬಾಯಿಯನ್ನು ಕಹಳೆಯಂತೆ ಅಗಲಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ನೀವು ಹೇಳುವ ‘ಪ್ರವೇಶ’ ಇದೇ ಅಲ್ಲವೇ? ಆಗ ‘ಬಾಯಿನಷ್ಟ’ ಎಂಬ ಪದ ಆಗಬಹುದು, ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ.

ಉತ್ತರ – ಮಂಗಳೂರಿನಿಂದ, ನಿವೃತ್ತ ಕೆಮಿಕಲ್ ಎಂಜಿನಿಯರ್

ಕಾರ್ಕಳದವರು ಹೇಳಿದ್ದು ನಿಜವಾದ ಸಂಗತಿ, ಆದರೆ ಬೇರೆಯದು. ಅದು ಬಾಯಿಯ ಆಕಾರದಿಂದಾಗುವ ಒತ್ತಡದ ನಷ್ಟ. ತೋಟದ ಪೈಪಿನಲ್ಲಿ ನೀರು ಸಾಮಾನ್ಯವಾಗಿ ಸುಳಿಸುಳಿಯಾಗಿ ಹರಿಯುತ್ತದೆ, ಅಲ್ಲಿಗೆ ಈ ಸೂತ್ರ ಹೊಂದುವುದೇ ಇಲ್ಲ.

ವಿದ್ಯಾರ್ಥಿ ಹೇಳಿದ್ದು ಅರ್ಧ ಸರಿ. ದೂರಗಳು ಎರಡು ಇವೆ, ಆದರೆ ಒಂದರ ಹಿಂದೆ ಒಂದು ಬರುವುದಿಲ್ಲ. ಎರಡೂ ಬಾಯಿಯಲ್ಲೇ ಒಟ್ಟಿಗೆ ಶುರುವಾಗುತ್ತವೆ. ಆದ್ದರಿಂದ ಕೂಡಿಸುವ ಪ್ರಶ್ನೆಯಿಲ್ಲ. ಅವು ಎಷ್ಟು ಅಸಮ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ.

ತೆಂಗಿನೆಣ್ಣೆಯನ್ನೇ ತೆಗೆದುಕೊಳ್ಳುತ್ತೇನೆ. ಒಳವ್ಯಾಸ 20 ಮಿಲಿಮೀಟರ್, ಬಿಸಿಯಾಗುವ ಉದ್ದ 3 ಮೀಟರ್, ಸರಾಸರಿ ವೇಗ ಸೆಕೆಂಡಿಗೆ 0.3 ಮೀಟರ್. ಎಣ್ಣೆ 37 ಡಿಗ್ರಿಯಲ್ಲಿ ಒಳಬರುತ್ತದೆ. ಹೊರಗಿನ ಕವಚದಲ್ಲಿ ಬಿಸಿನೀರು ಹರಿದು ಒಳಗೋಡೆಯನ್ನು 80 ಡಿಗ್ರಿಯಲ್ಲಿ ಹಿಡಿದಿದೆ ಎನ್ನೋಣ. ಎಣ್ಣೆಯ ಸಾಂದ್ರತೆ 910, ವಿಶಿಷ್ಟೋಷ್ಣ 2000, ಉಷ್ಣವಾಹಕತೆ 0.165, ಎಲ್ಲವೂ ಎಸ್‌ಐ ಮಾನದಲ್ಲಿ. ಸ್ನಿಗ್ಧತೆ 40 ಡಿಗ್ರಿಯಲ್ಲಿ 27 ಸೆಂಟಿಪಾಯ್ಸ್, 80ರಲ್ಲಿ 8. ಇವು ಅಂದಾಜಿನ ಅಂಕಿಗಳು, ಪ್ರಯೋಗದಲ್ಲಿ ನಿಮ್ಮ ಎಣ್ಣೆಯನ್ನೇ ಅಳೆದು ಹಾಕಿಕೊಳ್ಳಿ.

ರೆನಾಲ್ಡ್ಸ್ ಸಂಖ್ಯೆ ಸುಮಾರು 200 ಬರುತ್ತದೆ, ಪ್ರಾಂಡ್ಲ್ ಸಂಖ್ಯೆ ಸುಮಾರು 327. ವೇಗ ನೆಲೆಗೊಳ್ಳುವ ದೂರ `0.05 Re D`, ಅಂದರೆ 20 ಸೆಂಟಿಮೀಟರ್. ತಾಪ ನೆಲೆಗೊಳ್ಳುವ ದೂರ `0.05 Re Pr D`, ಅಂದರೆ 66 ಮೀಟರ್! ನಮ್ಮ ಕೊಳವೆ ಇರುವುದೇ 3 ಮೀಟರ್. ತಾಪದ ಲೆಕ್ಕದಲ್ಲಿ ಎಣ್ಣೆ ಕೊಳವೆಯಿಂದ ಹೊರಬೀಳುವಾಗಲೂ ‘ಪ್ರವೇಶ’ದಲ್ಲೇ ಇದೆ. ಮೇಡಂ, ನಿಮ್ಮ ಹುಡುಗರ ನಾಲ್ಕು ಬೆರಳಿನ ಕಲ್ಪನೆಯನ್ನು ಒಡೆಯಬೇಕಾದದ್ದು ಇಲ್ಲಿ. ಹೆಸರು ಬದಲಿಸುವ ಮೊದಲು ಈ ಎರಡು ದೂರಗಳನ್ನು ಅವರಿಂದಲೇ ಲೆಕ್ಕ ಹಾಕಿಸಿ.

ಈಗ μw. ಅದು ಗೋಡೆಯದ್ದಲ್ಲ, ಎಣ್ಣೆಯದ್ದೇ. ಗೋಡೆಯ ತಾಪದಲ್ಲಿ ಎಣ್ಣೆಗಿರುವ ಸ್ನಿಗ್ಧತೆ. ಬಿಸಿ ಗೋಡೆಯ ಪಕ್ಕದ ಎಣ್ಣೆ ತೆಳುವಾಗುತ್ತದೆ, ಅಲ್ಲಿ ಹರಿವು ಚುರುಕಾಗುತ್ತದೆ, ಗೋಡೆಯಿಂದ ಶಾಖ ಹೆಚ್ಚು ಸಾಗುತ್ತದೆ. 27ನ್ನು 8ರಿಂದ ಭಾಗಿಸಿ 0.14 ಘಾತಕ್ಕೇರಿಸಿದರೆ 1.19. ಮೊದಲ ಭಾಗ 14.2 ಬಂದಿತ್ತು, ತಿದ್ದಿದ ಮೇಲೆ ನುಸೆಲ್ಟ್ ಸಂಖ್ಯೆ 16.8 ಆಯಿತು. ಅಲ್ಲಿಂದ ಶಾಖ ವರ್ಗಾವಣೆ ಗುಣಾಂಕ ಸುಮಾರು 138, ಎಣ್ಣೆ ಹೊರಬರುವುದು ಸುಮಾರು 43 ಡಿಗ್ರಿಯಲ್ಲಿ. ಸರಾಸರಿ 40 ಆಯಿತಲ್ಲ, ಸ್ನಿಗ್ಧತೆಗೆ ನಾವು ಹಿಡಿದದ್ದೂ ಅದೇ. ಹಾಗೆ ತಾಳೆಯಾಗದಿದ್ದರೆ ಹೊಸ ಸರಾಸರಿಯನ್ನು ಹಿಡಿದು ಮತ್ತೊಮ್ಮೆ ಲೆಕ್ಕ ಹಾಕಬೇಕು.

ಕೆಲವರು ನೆಲೆಗೊಂಡ ಹರಿವಿನ 3.66 ಎಂಬ ಸಂಖ್ಯೆಯನ್ನು ಇಲ್ಲೂ ಹಾಕಿಬಿಡುತ್ತಾರೆ. ಆಗ ಎಣ್ಣೆ ಒಂದೂವರೆ ಡಿಗ್ರಿಯೂ ಏರುವುದಿಲ್ಲ ಎಂದು ಲೆಕ್ಕ ಹೇಳುತ್ತದೆ. ತಾಪಮಾಪಕ 6 ಡಿಗ್ರಿ ಏರಿಕೆ ತೋರಿಸುವಾಗ ತಪ್ಪು ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಉತ್ತರ – ಸುರತ್ಕಲ್‌ನಿಂದ, ವಿದ್ಯಾರ್ಥಿ

ಸರ್, ಹಾಗಾದರೆ ಎಣ್ಣೆಯನ್ನು ತಣಿಸುವಾಗ ಭಾಗಾಕಾರವನ್ನು ತಿರುಗಿಸಿ ಹಾಕಬೇಕೇ?

ಉತ್ತರ – ಮಂಗಳೂರಿನಿಂದ

ಬೇಡ. ಸೂತ್ರ ಹಾಗೆಯೇ ಇರಲಿ, ಅಂಕಿಗಳೇ ತಿರುಗುತ್ತವೆ. ಗೋಡೆ 30 ಡಿಗ್ರಿಯಲ್ಲಿದ್ದರೆ ಅಲ್ಲಿನ ಎಣ್ಣೆ ದಪ್ಪಗಾಗಿ 39ರ ಸುಮಾರಿಗೆ ಬರುತ್ತದೆ. 27ನ್ನು 39ರಿಂದ ಭಾಗಿಸಿದರೆ ಒಂದಕ್ಕಿಂತ ಕಡಿಮೆ, ತಿದ್ದುಪಡಿ 0.95. ದ್ರವ ಬಿಸಿಯಾಗುವಾಗ ತಿದ್ದುಪಡಿ ಒಂದಕ್ಕಿಂತ ಹೆಚ್ಚು, ತಣಿಯುವಾಗ ಕಡಿಮೆ ಬರಬೇಕು. ಅದಕ್ಕೆ ವಿರುದ್ಧವಾಗಿ ಬಂದರೆ ಅಂಶ ಮತ್ತು ಛೇದ ಅದಲುಬದಲಾಗಿವೆ ಎಂದರ್ಥ. 0.14 ಎಂಬ ಘಾತ ಸಿದ್ಧಾಂತದಿಂದ ಹುಟ್ಟಿದ್ದಲ್ಲ, ಅಳತೆಗಳಿಗೆ ಹೊಂದಿಸಿ ಆರಿಸಿದ್ದು.

ಇನ್ನೊಂದು ಎಚ್ಚರಿಕೆಯನ್ನು ಕೈಪಿಡಿಯಲ್ಲಿ ಸೇರಿಸಿ. ಕೊಳವೆ ಉದ್ದವಾದಷ್ಟೂ ಈ ಸೂತ್ರ ಕೊಡುವ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ, ಕೊನೆಗೆ ಸೊನ್ನೆಯತ್ತ. ನಿಜದಲ್ಲಿ ಅದು 3.66ರ ಕೆಳಗೆ ಹೋಗದು. ನಮ್ಮ ಎಣ್ಣೆಯಲ್ಲಿ ತಿದ್ದುಪಡಿಯನ್ನು ಬಿಟ್ಟು ನೋಡಿದರೆ ಸುಮಾರು 174 ಮೀಟರಿಗೆ ಆ ಗಡಿ ಬರುತ್ತದೆ. ಅದರಾಚೆಗೆ ಇದನ್ನು ಬಳಸಬಾರದು.

ಉತ್ತರ – ಉಡುಪಿಯಿಂದ

ತುಂಬ ಉಪಕಾರವಾಯಿತು ಸರ್. ‘ಗೋಡೆಯ ತಾಪದಲ್ಲಿ ದ್ರವದ ಸ್ನಿಗ್ಧತೆ’ ಎಂದೇ ಬರೆಯುತ್ತೇನೆ, ಉದ್ದವಾದರೂ ಅಡ್ಡಿಯಿಲ್ಲ. ಆದರೆ ವೇಗ 20 ಸೆಂಟಿಮೀಟರಿನಲ್ಲೇ ನೆಲೆಗೊಂಡರೆ ಉಳಿದ 2.8 ಮೀಟರಿನಲ್ಲಿ ‘ಸಂಯುಕ್ತ’ ಎಂಬುದಕ್ಕೆ ಏನು ಅರ್ಥ ಉಳಿಯಿತು?

ಉತ್ತರ – ಮಂಗಳೂರಿನಿಂದ

ಎಣ್ಣೆಯಲ್ಲಿ ಅರ್ಥ ಉಳಿಯುವುದಿಲ್ಲ, ನಿಮ್ಮ ಅನುಮಾನ ಸರಿ. ನನ್ನನ್ನು ಕೇಳಿದರೆ ಎಣ್ಣೆಗೆ ‘ತಾಪ ಪ್ರವೇಶ’ ಸಾಕು. ಪ್ರಾಂಡ್ಲ್ ಸಂಖ್ಯೆ ಒಂದರ ಆಸುಪಾಸಿನಲ್ಲಿರುವ ಗಾಳಿಯಲ್ಲಿ ಎರಡೂ ಜೊತೆಜೊತೆಯಾಗಿ ಬೆಳೆಯುತ್ತವೆ, ಅಲ್ಲಿ ‘ಸಂಯುಕ್ತ’ ಎಂಬ ಹೆಸರು ಒಪ್ಪುತ್ತದೆ. ಪಠ್ಯಪುಸ್ತಕಗಳಲ್ಲಿಯೂ ಈ ಸೂತ್ರವನ್ನು ಕೆಲವು ಒಂದರ ಕೆಳಗೆ, ಕೆಲವು ಇನ್ನೊಂದರ ಕೆಳಗೆ ಇಟ್ಟಿವೆ.

ಉತ್ತರ – ಸುರತ್ಕಲ್‌ನಿಂದ, ವಿದ್ಯಾರ್ಥಿ

ಪರೀಕ್ಷೆಯಲ್ಲಿ ‘ಸಂಯುಕ್ತ’ ಎಂದೇ ಕೇಳುತ್ತಾರೆ ಸರ್. ಕೈಪಿಡಿಯಲ್ಲಿ ಆ ಪದವೇ ಇಲ್ಲದಿದ್ದರೆ ಹುಡುಗರು ಸೂತ್ರವನ್ನು ಗುರುತಿಸಲಾರರು. ಎರಡೂ ಹೆಸರು ಇರಲಿ ಎನ್ನುವುದು ನನ್ನ ಮಾತು.

ಉತ್ತರ – ಕಾರ್ಕಳದಿಂದ

‘ಬಾಯಿನಷ್ಟ’ವನ್ನು ಬಿಟ್ಟೆ. ಆದರೆ 3 ಮೀಟರಿನ ಕೊಳವೆಯಲ್ಲಿ 66 ಮೀಟರಿನ ‘ಪ್ರವೇಶ’ ಎಂಬುದು ಕನ್ನಡದ ಕಿವಿಗೆ ಒಗ್ಗುವುದಿಲ್ಲ. ‘ಬೆಳೆಯುವ ವಲಯ’ ಎಂದು ಬರೆದರೆ ಆಗದೇ?