ಸಿಒಡಿ ಹಣ ಬ್ಯಾಂಕಿಗೆ ಬಂದಷ್ಟೇ ಮಾರಾಟವಾ? ನಮ್ಮ ಗುಂಪಿನ ಪ್ರಶ್ನೋತ್ತರ

ಬೆಟಗೇರಿ ಸೀರೆ, ಗದಗ: ಸರ್, ಹೋದ ತಿಂಗಳು 40 ಸೀರೆ ಸಿಒಡಿಯಲ್ಲಿ ಕಳಿಸಿದೆ. ಒಂದಕ್ಕೆ ₹1,050, ಜಿಎಸ್‌ಟಿ ಸೇರಿ. 30 ಮುಟ್ಟಿವೆ, 8 ವಾಪಸ್ ಬಂದಿವೆ, 2 ಎಲ್ಲಿವೆಯೋ ಗೊತ್ತಿಲ್ಲ. ಬ್ಯಾಂಕಿಗೆ ಬಂದಿದ್ದು ₹21,447.20. ಅದನ್ನೇ ಮಾರಾಟ ಅಂತ ಬರೆದು ಜಿಎಸ್‌ಟಿ ಕಟ್ಟಿದೆ. ಸರಿನಾ? ಕೊರಿಯರ್‌ನವರ ಬಿಲ್ ಮತ್ತು ರೆಮಿಟೆನ್ಸ್ ಶೀಟ್ ಹಾಕಿದ್ದೇನೆ.

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ಸರಿಯಲ್ಲ ಅಕ್ಕಾರ. ನಿಮ್ಮ ಶೀಟ್ ಪೂರ್ತಿ ನೋಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಈ ತಪ್ಪು ಗುಂಪಿನಲ್ಲಿ ಬಹಳ ಜನರ ಲೆಕ್ಕದಲ್ಲಿದೆ.

ಗಿರಾಕಿ ಕೊಟ್ಟ ಹಣ ಮೊದಲು ಕೊರಿಯರ್‌ನವರ ಕೈ ಸೇರುತ್ತದೆ. ಅವರು ತಮ್ಮ ಖರ್ಚು ಹಿಡಿದುಕೊಂಡು ಉಳಿದದ್ದನ್ನು ನಿಮಗೆ ಹಾಕುತ್ತಾರೆ. ಹಾಗಾಗಿ ಬ್ಯಾಂಕಿನ ಮೊತ್ತದಲ್ಲಿ ಮಾರಾಟ, ಕೊರಿಯರ್ ಖರ್ಚು, ಬರಬೇಕಾದ ಬಾಕಿ ಮೂರೂ ಕಲಸಿಹೋಗಿರುತ್ತವೆ. ಅವನ್ನು ಬಿಡಿಸಬೇಕು.

ನಿಮ್ಮ ಪುಸ್ತಕದಲ್ಲಿ ಕೊರಿಯರ್ ಕಂಪನಿಯ ಹೆಸರಲ್ಲೇ ಒಂದು ಖಾತೆ ತೆರೆಯಿರಿ. ಉದ್ರಿ ಗಿರಾಕಿಗೆ ತೆರೆಯುವ ಹಾಗೆ. ಪಾರ್ಸೆಲ್ ಹೊರಡುವಾಗ ಬಿಲ್ ಮಾಡುತ್ತೀರಲ್ಲ, ಅವತ್ತೇ ₹1,050 ಆ ಖಾತೆಗೆ ಬರೆಯಿರಿ, ಪಕ್ಕದಲ್ಲಿ ಆ ಪಾರ್ಸೆಲ್‌ನ ಎಡಬ್ಲ್ಯೂಬಿ ನಂಬರ್ ಹಾಕಿ. 40 ಬಿಲ್ ಅಂದರೆ ₹42,000. ವಾಪಸ್ ಬಂದ 8ಕ್ಕೆ ಕ್ರೆಡಿಟ್ ನೋಟ್ ಮಾಡಿ ₹8,400 ಕಳೆಯಿರಿ. ₹33,600 ಉಳಿಯಿತು.

ಈಗ ಕೊರಿಯರ್ ಬಿಲ್. ಕಳಿಸಿದ ಖರ್ಚು 40 ಪಾರ್ಸೆಲ್‌ಗೆ ₹80ರಂತೆ ₹3,200. ಮುಟ್ಟಿದ 30ಕ್ಕೆ ಸಿಒಡಿ ಚಾರ್ಜ್ ₹40ರಂತೆ ₹1,200. ವಾಪಸ್ ತಂದ 8ಕ್ಕೆ ₹70ರಂತೆ ₹560. ಒಟ್ಟು ₹4,960. ಅದರ ಮೇಲೆ 18% ಜಿಎಸ್‌ಟಿ ₹892.80. ಎಲ್ಲ ಸೇರಿ ₹5,852.80. ಇದನ್ನೂ, ಬ್ಯಾಂಕಿಗೆ ಬಂದ ₹21,447.20 ಅನ್ನೂ ಆ ಖಾತೆಯಿಂದ ಕಳೆದರೆ ಉಳಿಯುವುದು ₹6,300.

ಇಲ್ಲೇ ಪರೀಕ್ಷೆ ಇರುವುದು. ₹6,300 ಅಂದರೆ ಸರಿಯಾಗಿ 6 ಸೀರೆ. ಆ ಆರರ ಎಡಬ್ಲ್ಯೂಬಿ ನಂಬರ್ ನೀವು ಬೆರಳಿಟ್ಟು ತೋರಿಸಬೇಕು. ನಿಮ್ಮ ಶೀಟಿನಲ್ಲಿ 4 ಕೊನೆಯ ವಾರ ಮುಟ್ಟಿದವು, ಹಣ ಇನ್ನೂ ಬರಬೇಕು. ಇನ್ನೆರಡು ನೀವು ಹೇಳಿದ, ಎಲ್ಲಿವೆಯೋ ಗೊತ್ತಿಲ್ಲದವು. ಹಾಗಾಗಿ ಲೆಕ್ಕ ಕೂಡಿತು. ಬಾಕಿ ₹6,300 ಬದಲು ₹6,700 ಬಂದಿದ್ದರೆ ಯಾವುದೋ ಪಾರ್ಸೆಲ್‌ಗೆ ಹೇಳದೆ ಏನೋ ಹಿಡಿದಿದ್ದಾರೆ ಅಂತ ಅರ್ಥ. ಹೆಚ್ಚಾಗಿ ತೂಕದ ವ್ಯತ್ಯಾಸ ಅಂತ ಹಿಡಿಯುತ್ತಾರೆ. ಇಲ್ಲವೇ ವಾಪಸ್ ಬಂದದ್ದಕ್ಕೂ ಸಿಒಡಿ ಚಾರ್ಜ್ ಹಾಕಿರುತ್ತಾರೆ. ಬರೀ ಬ್ಯಾಂಕ್ ಮೊತ್ತ ಬರೆದರೆ ಇದು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ.

ಇನ್ನು ತೆರಿಗೆ. ನೀವು ₹21,447ರ ಒಳಗೇ 5% ಸೇರಿದೆ ಅಂತ ಲೆಕ್ಕ ಹಾಕಿ ಸುಮಾರು ₹1,021 ಕಟ್ಟಿದ್ದೀರಿ. ಕಟ್ಟಬೇಕಾದದ್ದು 32 ಬಿಲ್‌ಗೆ ₹50ರಂತೆ ₹1,600. ಆದರೆ ಕೊರಿಯರ್ ಬಿಲ್‌ನ ₹892.80 ನಿಮಗೆ ಐಟಿಸಿ ಸಿಗುತ್ತದೆ. ಕಳೆದರೆ ₹707.20. ಅಂದರೆ ಮಾರಾಟ ಕಡಿಮೆ ತೋರಿಸಿ, ತೆರಿಗೆ ಮಾತ್ರ ₹314 ಜಾಸ್ತಿ ಕಟ್ಟಿದ್ದೀರಿ. ಸೀರೆ ಖರೀದಿಯ ಐಟಿಸಿ ಬೇರೆ, ಅದು ಎರಡೂ ಲೆಕ್ಕದಲ್ಲಿ ಒಂದೇ. ಕೊರಿಯರ್ ಪ್ಯಾನಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿದ್ದೀರಾ ನೋಡಿ. ಇಲ್ಲದಿದ್ದರೆ ಬಿಲ್ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಬರುವುದಿಲ್ಲ, ಐಟಿಸಿಯೂ ಇಲ್ಲ.

ಬೆಟಗೇರಿ ಸೀರೆ, ಗದಗ: ಬಹಳ ಉಪಕಾರ ಸರ್. ಆ ಎರಡು ಪಾರ್ಸೆಲ್ ವಾಪಸ್ ಬರ್ತಾವೋ ಇಲ್ಲವೋ. ಈಗಲೇ ಕ್ರೆಡಿಟ್ ನೋಟ್ ಮಾಡಿಬಿಡಲಾ?

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ಬೇಡ. ಸೀರೆ ಕೈಗೆ ಬಂದ ಮೇಲೆ ಮಾಡಿ, ಬಂದ ದಿನದ ತಾರೀಖಿಗೆ. ಮುಂದಿನ ತಿಂಗಳ ಮಾರಾಟದಲ್ಲಿ ಕಳೆಯುತ್ತದೆ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರ ತನಕ ಅವಕಾಶ ಇದೆ, ಗಾಬರಿ ಬೇಡ. ಕಳೆದುಹೋಯಿತು ಅಂತ ಕೊರಿಯರ್‌ನವರು ಒಪ್ಪಿದರೆ ಅದು ವಾಪಸ್ ಅಲ್ಲ, ಅದರ ಲೆಕ್ಕ ಬೇರೆ. ಆಗ ಅವರ ಮೇಲ್ ಸಮೇತ ಕೇಳಿ.

ನವನಗರ ಗಿಫ್ಟ್ಸ್: ಸಿಒಡಿಗೆ ಜಿಎಸ್‌ಟಿ ಇದೆಯಾ ಸರ್?

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ಇದೆ. ಹಣ ಹೇಗೆ ಬಂತು ಅನ್ನುವುದರ ಮೇಲೆ ತೆರಿಗೆ ನಿಂತಿಲ್ಲ.

ಧಾರವಾಡ ಕಸೂತಿ: ಇದಕ್ಕೆಲ್ಲ ಮದ್ದು ಒಂದೇ. ಸಿಒಡಿ ಬಂದ್ ಮಾಡಿ. ನಾನು ಮಾಡಿದೆ, ವಾಪಸ್ ಬರುವುದೇ ನಿಂತಿತು.

ರಾಣೇಬೆನ್ನೂರು ಬಟ್ಟೆ: ನಿಮ್ಮ ಗಿರಾಕಿ ಬೆಂಗಳೂರು, ಪುಣೆಯವರು. ನಮ್ಮವರು ಹಳ್ಳಿ ಕಡೆಯವರು, ಮೊದಲೇ ಹಣ ಹಾಕಿ ಅಂದರೆ ಆರ್ಡರೇ ಬರಲ್ಲ. ಬಂದ್ ಮಾಡಿ ಅನ್ನೋದು ಸುಲಭ.

ಧಾರವಾಡ ಕಸೂತಿ: ₹100 ಮುಂಗಡ ತಗೊಳ್ಳಿ. ಕೊಡದವರು ಹೇಗೂ ಪಾರ್ಸೆಲ್ ತಗೊಳ್ಳಲ್ಲ.

ರಾಣೇಬೆನ್ನೂರು ಬಟ್ಟೆ: ಕೊಡದೇನೂ ಪಾರ್ಸೆಲ್ ತಗೊಂಡವರು ನನ್ನ ಹತ್ರ ಬೇಕಾದಷ್ಟು ಇದ್ದಾರೆ ರೀ. ನಿಮ್ಮ ಅನುಭವವೇ ಎಲ್ಲರ ಅನುಭವ ಅಲ್ಲ.

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ಇಬ್ಬರೂ ಲೆಕ್ಕ ಹಾಕಿ ಮಾತಾಡಿ. ಗದಗದ ಅಕ್ಕಾರ ಸೀರೆಯ ಅಸಲು ₹700 ಅಂತ ಇಟ್ಟುಕೊಳ್ಳಿ. ತೆರಿಗೆ ಬಿಟ್ಟು ಬೆಲೆ ₹1,000. ಮುಟ್ಟಿದ ಪಾರ್ಸೆಲ್‌ಗೆ ಕೊರಿಯರ್ ₹120 ಹೋಗಿ ₹180 ಉಳಿಯುತ್ತದೆ. ವಾಪಸ್ ಬಂದದ್ದು ಹೋಗಿ ಬರುವ ಖರ್ಚು ₹150 ತಿನ್ನುತ್ತದೆ. ಒಂದು ವಾಪಸ್ ಬಂದರೆ ಹತ್ತಿರ ಹತ್ತಿರ ಒಂದು ಮಾರಾಟದ ಲಾಭ ಹೋಯಿತು. ಅವರದು 30ಕ್ಕೆ 8, ಅದಕ್ಕೇ ನಡೆದಿದೆ. ಪ್ಯಾಕಿಂಗ್ ಖರ್ಚು ಇದರಲ್ಲಿ ಹಿಡಿದಿಲ್ಲ. ನಿಮ್ಮ ನಿಮ್ಮ ಅಂಕಿ ಹಾಕಿ ನೋಡಿ, ಸಿಒಡಿ ಇಡಬೇಕಾ ಬೇಡವಾ ಅದೇ ಹೇಳುತ್ತದೆ. ವಾಪಸ್ ಖರ್ಚಿಗೆ ಬೇರೆ ಖಾತೆ ಇಡಿ. ಕಳಿಸುವ ಖರ್ಚಿನಲ್ಲಿ ಸೇರಿಸಿದರೆ ಇದು ಕಾಣುವುದಿಲ್ಲ.

ಹಳೇ ಹುಬ್ಬಳ್ಳಿ ಮೊಬೈಲ್ ಕವರ್: ಬೇರೆ ಗುಂಪಿನಲ್ಲಿ ಬಂದದ್ದು ಫಾರ್ವರ್ಡ್ ಮಾಡುತ್ತಿದ್ದೇನೆ. "ವಾಪಸ್ ಬಂದ ಪಾರ್ಸೆಲ್‌ಗಳ ಬಿಲ್ ತಿಂಗಳ ಕೊನೆಗೆ ಡಿಲೀಟ್ ಮಾಡಿ, ಜಿಎಸ್‌ಟಿ ಉಳಿಸಿ. ಎಲ್ಲರಿಗೂ ಹಂಚಿ."

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ದಯವಿಟ್ಟು ಹಂಚಬೇಡಿ. ಇದನ್ನು ಮಾಡಿ ಸಿಕ್ಕಿಬಿದ್ದವರ ಕಾಗದ ನನ್ನ ಮೇಜಿನ ಮೇಲಿವೆ. ಬಿಲ್ ನಂಬರ್ ಸಾಲಾಗಿ ಇರಬೇಕು. ಎಷ್ಟರಿಂದ ಎಷ್ಟರ ತನಕ ಮಾಡಿದಿರಿ, ಎಷ್ಟು ರದ್ದು ಮಾಡಿದಿರಿ ಅಂತ ಜಿಎಸ್‌ಟಿಆರ್-1ರಲ್ಲಿ ಹೇಳಬೇಕು. ನಡುವೆ ನಂಬರ್ ಮಾಯವಾದರೆ ಉತ್ತರ ಕೊಡುವುದು ಕಷ್ಟ. ಅದೇ ಬಿಲ್ ಪಾರ್ಸೆಲ್ ಜೊತೆ ಹೋಗಿದೆ, ಕೊರಿಯರ್‌ನವರ ದಾಖಲೆಯಲ್ಲೂ ಇದೆ. ಕ್ರೆಡಿಟ್ ನೋಟ್ ಮಾಡಿದರೂ ಅಷ್ಟೇ ತೆರಿಗೆ ಕಡಿಮೆಯಾಗುತ್ತದೆ. ಡಿಲೀಟ್ ಮಾಡಿ ಉಳಿಯುವುದು ಏನೂ ಇಲ್ಲ.

ಹಳೇ ಹುಬ್ಬಳ್ಳಿ ಮೊಬೈಲ್ ಕವರ್: ಸುಮ್ನೆ ಹಂಚಿದೆ ಸರ್, ಅಷ್ಟು ಸಿಟ್ಟು ಯಾಕೆ.

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ನೀವು ಸುಮ್ನೆ ಹಂಚುತ್ತೀರಿ, ಯಾರೋ ನಂಬಿ ಮಾಡುತ್ತಾರೆ.

ಲಕ್ಷ್ಮೇಶ್ವರ ಸ್ಟೋರ್ಸ್: ನಂದು ಮಾರ್ಕೆಟ್‌ಪ್ಲೇಸ್‌ನಲ್ಲಿ. ಅಲ್ಲಿ ಟಿಸಿಎಸ್ ಅಂತ ಹಿಡೀತಾರೆ. ಅದನ್ನೂ ಖರ್ಚಿಗೆ ಹಾಕೋದಾ?

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ಖರ್ಚಲ್ಲ. ಅದು ನಿಮ್ಮದೇ ಹಣ, ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ.

ಬ್ಯಾಡಗಿ ಮಸಾಲೆ, ಹಾವೇರಿ: ಸರ್, ನಂದು ಬೇರೆ ಸಮಸ್ಯೆ. ಕೊರಿಯರ್ ಬುಕ್ ಮಾಡುವ ಕಂಪನಿ ಎರಡು ತಿಂಗಳಿಂದ ಸಿಒಡಿ ಹಣ ಹಾಕಿಲ್ಲ. ಪ್ಯಾನಲ್‌ನಲ್ಲಿ ಕೆಲವು "ರೆಮಿಟೆಡ್" ಅಂತ ಕಾಣುತ್ತವೆ. ಫೋನ್ ಮಾಡಿದರೆ ಮುಂದಿನ ಬುಧವಾರ ಅನ್ನುತ್ತಾರೆ. ದಿನಾ ಪಾರ್ಸೆಲ್ ಹೋಗುತ್ತಲೇ ಇದೆ.

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ಇವತ್ತೇ ಅವರ ಮೂಲಕ ಸಿಒಡಿ ಕಳಿಸುವುದು ನಿಲ್ಲಿಸಿ. ಉಳಿದದ್ದು ಆಮೇಲೆ. ದಿನಾ ಹೋಗುವ ಪಾರ್ಸೆಲ್ ಅವರ ಬಾಕಿ ಬೆಳೆಸುತ್ತಿದೆ.

ಪ್ಯಾನಲ್ ಇನ್ನೂ ತೆರೆಯುತ್ತಿರುವಾಗಲೇ ಡೆಲಿವರಿ ವರದಿ, ರೆಮಿಟೆನ್ಸ್ ವರದಿ, ಬಿಲ್, ವ್ಯಾಲೆಟ್ ಲೆಕ್ಕ ಎಲ್ಲ ಇಳಿಸಿಕೊಳ್ಳಿ. ಲಾಗಿನ್ ಬಂದ್ ಆದರೆ ನಿಮ್ಮ ಕೈಯಲ್ಲಿ ಸಾಕ್ಷಿ ಇರುವುದಿಲ್ಲ. ಆಮೇಲೆ "ರೆಮಿಟೆಡ್" ಅಂದ ಪ್ರತಿ ಸಾಲಿಗೂ ಯುಟಿಆರ್ ನಂಬರ್ ಇದೆಯಾ ನೋಡಿ. ಇದ್ದರೆ ಬ್ಯಾಂಕಿನಲ್ಲಿ ಹುಡುಕಿಸಿ, ಬೇರೆ ಖಾತೆಗೆ ಹೋಗಿರಬಹುದು. ಇಲ್ಲದಿದ್ದರೆ ಆ ಪದಕ್ಕೆ ಬೆಲೆ ಇಲ್ಲ, ಹಣ ಬಂದಿಲ್ಲ ಅಂತಲೇ ಹಿಡಿಯಿರಿ. ಎಡಬ್ಲ್ಯೂಬಿವಾರು ಪಟ್ಟಿ ಹಾಕಿ, ಇಷ್ಟು ಬಾಕಿ ಇದೆ ಒಪ್ಪಿಕೊಳ್ಳಿ ಅಂತ ಮೇಲ್ ಮಾಡಿ. ಫೋನ್ ಮಾತು ಲೆಕ್ಕಕ್ಕಿಲ್ಲ.

ಧಾರವಾಡ ಕಸೂತಿ: ಎಂಎಸ್‌ಎಂಇ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿ. 45 ದಿನದಲ್ಲಿ ಕೊಡಲೇಬೇಕು, ಬಡ್ಡಿ ಸಮೇತ.

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: 45 ದಿನದ ಮಾತು ನಿಜ, ಆದರೆ ಅದು ನಿಮ್ಮ ಸರಕು ಖರೀದಿಸಿದವರಿಗೆ. ಇವರು ಮಸಾಲೆ ಖರೀದಿಸಿಲ್ಲ, ಗಿರಾಕಿಯಿಂದ ವಸೂಲು ಮಾಡಿದ ಹಣ ಇಟ್ಟುಕೊಂಡಿದ್ದಾರೆ. ಅದನ್ನೇ ನಂಬಿ ಕೂತರೆ ದಿನ ಹೋಗುತ್ತವೆ. ಒಪ್ಪಂದದ ಕಾಗದ ಹಿಡಿದು ವಕೀಲರ ನೋಟಿಸ್ ಕೊಡಿಸಿ.

ಧಾರವಾಡ ಕಸೂತಿ: ನನ್ನ ಗೆಳತಿಗೆ ಅಲ್ಲಿಂದಲೇ ಹಣ ಬಂದಿದೆ ಸರ್.

ರಾಣೇಬೆನ್ನೂರು ಬಟ್ಟೆ: ಅವರದು ಅಂಗಡಿಗೆ ಮಾರಿದ ಮಾಲಿನ ಹಣ ಇರಬೇಕು. ಎಲ್ಲದಕ್ಕೂ ನಿಮ್ಮ ಹತ್ರ ಒಂದು ಮದ್ದು ಇದ್ದೇ ಇರುತ್ತೆ ನೋಡಿ.

ಧಾರವಾಡ ಕಸೂತಿ: ಗೊತ್ತಿದ್ದದ್ದು ಹೇಳಿದೆ. ನೀವೇನು ಹೇಳಿದಿರಿ ಇಲ್ಲಿ ತನಕ?

ಗುಂಪಿನ ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಕುಂದಗೋಳ ಖಾನಾವಳಿ ರೊಟ್ಟಿ: ಸರ್, ಪ್ಯಾಕೆಟ್ ಒಳಗೆ ರೊಟ್ಟಿ ಒಡೆದು ವಾಪಸ್ ಬಂದರೆ ಅದರ ಲೆಕ್ಕ ಹೇಗೆ?

ನವನಗರ ಗಿಫ್ಟ್ಸ್: ಸಿಒಡಿ ಪಾರ್ಸೆಲ್ ವಾಪಸ್ ಬಂದರೂ ಜಿಎಸ್‌ಟಿ ಕಟ್ಟಬೇಕಾ?

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ನವನಗರದವರೇ, ಮೇಲಿನದು ಓದಿ. ಕ್ರೆಡಿಟ್ ನೋಟ್.

ಬ್ಯಾಡಗಿ ಮಸಾಲೆ, ಹಾವೇರಿ: ವರದಿ ಇಳಿಸಿಕೊಂಡೆ ಸರ್. ರೆಮಿಟೆಡ್ ಅಂದ ಅರ್ಧಕ್ಕೂ ಯುಟಿಆರ್ ಇಲ್ಲ. ಹಣ ಬರದಿದ್ದರೆ ಆ ಮಾರಾಟದ ಜಿಎಸ್‌ಟಿ ಆದರೂ ವಾಪಸ್ ಸಿಗುತ್ತಾ?

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ಸಿಗುವುದಿಲ್ಲ. ಮಸಾಲೆ ಗಿರಾಕಿಗೆ ಮುಟ್ಟಿದೆ, ಮಾರಾಟ ಆಗಿದೆ. ಹಣ ಮುಳುಗಿತು ಅಂತ ಜಿಎಸ್‌ಟಿಯಲ್ಲಿ ಕ್ರೆಡಿಟ್ ನೋಟ್ ಮಾಡಲು ಬರುವುದಿಲ್ಲ. ಹಾಗೆ ಮಾಡಿ ಅಂತ ಯಾರಾದರೂ ಫಾರ್ವರ್ಡ್ ಕಳಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಆದಾಯ ತೆರಿಗೆಯಲ್ಲಿ ನಷ್ಟ ಅಂತ ತೋರಿಸುವ ದಾರಿ ಇದೆ, ಆದರೆ ವಸೂಲಿಗೆ ಪ್ರಯತ್ನ ಮಾಡಿದ ಕಾಗದ ಬೇಕು. 44ಎಡಿ ಅಡಿ ಅಂದಾಜು ಲಾಭ ತೋರಿಸುವವರಾದರೆ ಅದೂ ಬೇರೆಯಾಗಿ ಸಿಗುವುದಿಲ್ಲ. ನೀವು ಯಾವುದರಲ್ಲಿ ಇದ್ದೀರಿ?

ಬ್ಯಾಡಗಿ ಮಸಾಲೆ, ಹಾವೇರಿ: 44ಎಡಿ ಸರ್.

ತೆರಿಗೆ ಸಲಹೆಗಾರರು, ಹುಬ್ಬಳ್ಳಿ: ಹಾಗಾದರೆ ವಸೂಲಿಯೊಂದೇ ದಾರಿ. ಕೊರಿಯರ್ ಖಾತೆಯ ಬಾಕಿಯನ್ನು ಅಳಿಸಬೇಡಿ, ಹಾಗೇ ಇರಲಿ. ವಾಪಸ್ ಬರಬೇಕಾದ ಪಾರ್ಸೆಲ್‌ಗಳು ಅವರ ಗೋದಾಮಿನಲ್ಲಿ ಎಷ್ಟಿವೆ ಅದನ್ನೂ ಪಟ್ಟಿ ಮಾಡಿ, ಅವು ನಿಮ್ಮ ಮಾಲು. ವರದಿ ಮತ್ತು ಒಪ್ಪಂದ ತೆಗೆದುಕೊಂಡು ನಾಳೆ ಬೆಳಿಗ್ಗೆ ಆಫೀಸಿಗೆ ಬನ್ನಿ. ಹಾವೇರಿಯಿಂದ ಬರುವಾಗ ಲ್ಯಾಪ್‌ಟಾಪ್ ತನ್ನಿ, ಪ್ಯಾನಲ್ ನಾನೇ ನೋಡಬೇಕು.