ನಮ್ಮನೆ ಕೋಲಾರ ಗುಂಪು: ಜೆಟ್ ಲ್ಯಾಗ್ ಫಾರ್ವರ್ಡ್

ಸರೋಜತ್ತೆ: (ಫಾರ್ವರ್ಡ್) ವಿಮಾನ ಇಳಿದ ಮಾರನೇ ದಿನ ಸೂರ್ಯ ಹುಟ್ಟುತ್ತಲೇ ಬಿಸಿಲಲ್ಲಿ ಅರ್ಧ ಗಂಟೆ ನಡೆಯಿರಿ. ಜೆಟ್ ಲ್ಯಾಗ್ ಒಂದೇ ದಿನದಲ್ಲಿ ಮಾಯ!! ಎಲ್ಲರಿಗೂ ಕಳಿಸಿ 🙏

ಸರೋಜತ್ತೆ: ಸುಮಾ, ಡಿಸೆಂಬರ್‌ಗೆ ಮೆಲ್ಬರ್ನ್‌ಗೆ ಹೊರಟಿದ್ದೀಯಲ್ಲ, ನಿನಗೋಸ್ಕರವೇ ಹಾಕಿದೆ.

ದೊಡ್ಡಪ್ಪ: ಬೆಳಗಿನ ಜಾವ ಏಳೋ ಅಭ್ಯಾಸ ಇದ್ದೋರಿಗೆ ಇದೆಲ್ಲ ಬರಲ್ಲಮ್ಮ. ಈಗಿನೋರು ಮಲಗೋದೇ ಹನ್ನೆರಡಕ್ಕೆ.

ಮಂಜು: ಯಾವ ಡಾಕ್ಟರ್ ಹೇಳಿದ್ದು ಅತ್ತೆ? ಹೆಸರಿಲ್ಲ, ಊರಿಲ್ಲ.

ಸರೋಜತ್ತೆ: ಲಂಡನ್ನಿಂದ ಬಂದು ನಮ್ಮ ಗೃಹಪ್ರವೇಶದ ಹೋಮಕ್ಕೆ ಮಲಗಿದ್ದೋನು ನೀನು. ನೀನು ಕೇಳ್ತೀಯಾ?

ಮಂಜು: ಅದು ಫೆಬ್ರವರಿ. ಹೋಮ ಬೆಳಿಗ್ಗೆ 6ಕ್ಕೆ, ನನ್ನ ಮೈಗೆ ಆಗ ರಾತ್ರಿ 12.30!

ರೂಪಾ: ಜಗಳ ಆಮೇಲೆ. ಸುಮಾ, ಆ ಮೆಸೇಜ್ ಹಾಗೇ ಪಾಲಿಸಬೇಡ. ಮೊದಲ ಸಲ ನಾನೂ ಅಲ್ಲಿ ಬೆಳಿಗ್ಗೆ ಆರಕ್ಕೇ ವಾಕಿಂಗ್ ಹೋದೆ. ನಿದ್ದೆ ಬರೋ ಹೊತ್ತು ದಿನಾ ಇನ್ನೂ ತಡ ಆಗ್ತಾ ಹೋಯ್ತು. ಹಾಗಾದ್ರೆ ಮೈಯೊಳಗಿನ ನಿದ್ದೆ-ಎಚ್ಚರದ ಗಡಿಯಾರ ಉಲ್ಟಾ ಹೋಗ್ತಿದೆ ಅಂತಲೇ ಅರ್ಥ.

ಸುಮಾ: ಬಿಸಿಲು ಒಳ್ಳೇದಲ್ವಾ ಅಕ್ಕಾ?

ರೂಪಾ: ಹೊತ್ತು ನೋಡಿಕೊಂಡು. ಏಳೋದಕ್ಕೆ ಎರಡು ಮೂರು ಗಂಟೆ ಮುಂಚೆ ಮೈ ಬಿಸಿ ತೀರಾ ಕಮ್ಮಿ ಆಗುತ್ತೆ. ಅದಾದ ಮೇಲೆ ಬೆಳಕು ಬಿದ್ರೆ ಗಡಿಯಾರ ಮುಂಚೆಗೆ ಸರಿಯುತ್ತೆ, ಅದಕ್ಕೂ ಮೊದಲು ಬಿದ್ರೆ ತಡಕ್ಕೆ. ನೀನು ಇಲ್ಲಿ 6ಕ್ಕೆ ಏಳ್ತೀಯ, ಆ ಹೊತ್ತು ಸುಮಾರು 3.30. ಡಿಸೆಂಬರ್‌ನಲ್ಲಿ ಅವರು ನಮಗಿಂತ ಐದೂವರೆ ಗಂಟೆ ಮುಂದೆ, ಅಂದ್ರೆ ಅಲ್ಲಿ ಬೆಳಿಗ್ಗೆ 9. ಅದಕ್ಕೆ ಮೊದಲ ದಿನ 9ರವರೆಗೆ ಪರದೆ ಎಳೆದುಕೋ, ಹೊರಗೆ ಹೋಗಲೇಬೇಕಾದ್ರೆ ಕಪ್ಪು ಕನ್ನಡಕ. 9ರಿಂದ 12ರವರೆಗೆ ಚೆನ್ನಾಗಿ ಬಿಸಿಲಲ್ಲಿ ಓಡಾಡು. ಆಮೇಲೆ ದಿನಾ ಒಂದು ಗಂಟೆ ಮುಂಚೆ ಹೊರಡು.

ವೆಂಕಿ: ಪರದೆ ಅಂದಾಗ ಕೆಜಿಎಫ್ ಕ್ವಾರ್ಟರ್ಸ್ ನೆನಪಾಯ್ತು. ತಾತ ರಾತ್ರಿ ಪಾಳಿ ಮುಗಿಸಿ ಬರೋಷ್ಟರಲ್ಲಿ ಅಜ್ಜಿ ಕಿಟಕಿಗೆ ಕರೀ ಕಂಬಳಿ ಕಟ್ಟಿರೋರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಆ ಎರಡು ಮೊಳೆ ಗೋಡೆಯಲ್ಲೇ ಇದ್ವು.

ದೊಡ್ಡಪ್ಪ: ಆ ಕಂಬಳಿ ಯಾರ ಪಾಲಿಗೆ ಹೋಯ್ತು ಅಂತ ಯಾರೂ ನನಗೆ ಹೇಳಲಿಲ್ಲ.

ರೂಪಾ: ಅಜ್ಜಿ ಮಾಡಿದ್ದು ಇದನ್ನೇ, ಬೇಡದ ಹೊತ್ತಿನ ಬೆಳಕು ತಡೆದದ್ದು. ಸುಮಾ, ಹೊರಡೋಕೆ ಮೂರು ದಿನ ಮುಂಚೆಯಿಂದ 5, 4, 3 ಗಂಟೆಗೆ ಏಳು, ಎದ್ದ ತಕ್ಷಣ ಮನೆ ಲೈಟೆಲ್ಲ ಹಾಕು. ರಾತ್ರಿಯೂ ಅಷ್ಟೇ ಬೇಗ ಮಲಗು. ಮೈ ಪೂರ್ತಿ ಒಗ್ಗಿದ್ರೆ ಅಲ್ಲಿ 9ರ ಬದಲು 6ರ ಲೆಕ್ಕ, ಆಗ ಅತ್ತೆ ಹೇಳಿದ ಬೆಳಗಿನ ಬಿಸಿಲೂ ಸರಿಯೇ. ಒಂದೇ ದಿನದಲ್ಲಂತೂ ಹೋಗಲ್ಲ, ದಿನಕ್ಕೆ ಸುಮಾರು ಒಂದು ಗಂಟೆ ಸರಿಯುತ್ತೆ.

ಸುಮಾ: ಮೆಲಟೋನಿನ್ ಮಾತ್ರೆ?

ರೂಪಾ: ನೀನು ಬಿಪಿ ಮಾತ್ರೆ ತಗೋತೀಯ. ಡಾಕ್ಟರನ್ನ ಕೇಳದೆ ಬೇಡ.

ಸರೋಜತ್ತೆ: ಹಾಗಾದ್ರೆ ನಾನು ಹೇಳಿದ್ದೂ ಸರಿ ಅಂತ ಆಯ್ತಲ್ಲ. ಸುಮಾ, ಆ ಮೂರು ದಿನ ನಮ್ಮನೇಲಿ ಇರು, ಆರಕ್ಕೇ ಊಟ ಹಾಕ್ತೀನಿ. ಮಂಜು ಹೋಮಕ್ಕೆ ಮಲಗಿದ್ದು ಮಾತ್ರ ಮಲಗಿದ್ದೇ.